ಟಣ್ ಎನ್ನದ ಕಡ್ಡಿ

ಸ್ಪೋಕ್ ಮುರಿದ ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ಬರುವವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: 'ಗುಂಡಿಗಿ ಬಿತ್ರಿ, ಕಡ್ಡಿ ಮುರೀತು.' ಕಲಬುರಗಿಯಿಂದ ಹುಮನಾಬಾದ್ ದಿಕ್ಕಿಗೆ ಹೊರಟು ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋಗಿಬರುವವರು ಹೀಗೆ ಹೇಳಿದರೆ ನಂಬಬೇಕು ಅನ್ನಿಸುತ್ತದೆ. ಹೆದ್ದಾರಿ ಚೆನ್ನಾಗಿದ್ದರೂ ಅದರಿಂದ ಇಳಿದು ಊರಿಗೆ, ಹೊಲಕ್ಕೆ ಹೋಗುವ ದಾರಿ ಎರೆ ಮಣ್ಣಿನದು. ಮಳೆಗಾಲದಲ್ಲಿ ಈ ಕರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗಿ ಏಳುತ್ತದೆ, ಅಂಚು ಕುಸಿಯುತ್ತದೆ. ಗಾಲಿಗೆ ಏಟು ತಪ್ಪಿದ್ದಲ್ಲ.

ಆದರೆ ಮುರಿದ ಆ ತುಂಡನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ. ಅದು ನಡುವೆ ಮುರಿದಿರುವುದು ಅಪರೂಪ. ಹಬ್ಬಿನ ತೂತಿನಿಂದ ಹೊರಬಂದು ಕಡ್ಡಿ ಮೊಣಕೈಯಂತೆ ಬಾಗುವ ಜಾಗದಲ್ಲೇ ಸಾಮಾನ್ಯವಾಗಿ ತುಂಡಾಗಿರುತ್ತದೆ. ಒಮ್ಮೊಮ್ಮೆ ನಿಪ್ಪಲ್ಲಿನ ಬಾಯಲ್ಲಿ, ಮರೆ ಶುರುವಾಗುವಲ್ಲಿ. ಮುರಿದ ಮುಖದಲ್ಲಿ ಎರಡು ಬಣ್ಣ ಕಾಣುತ್ತವೆ. ಒಂದು ಪಾಲು ಕಪ್ಪಾಗಿ, ತಿಕ್ಕಿ ತಿಕ್ಕಿ ನುಣುಪಾಗಿ, ತುಕ್ಕು ಹಿಡಿದಿರುತ್ತದೆ. ಉಳಿದ ಸಣ್ಣ ಪಾಲು ಹೊಸ ಉಕ್ಕಿನಂತೆ ಹರಳು ಹರಳಾಗಿ ಹೊಳೆಯುತ್ತದೆ. ಕಪ್ಪು ಭಾಗ ಬಹಳ ದಿನಗಳಿಂದ ಸೀಳುತ್ತ ಬಂದದ್ದು. ಹೊಳೆಯುವ ಭಾಗ ಮಾತ್ರ ಇವತ್ತು ಹೋದದ್ದು. ಗುಂಡಿ ಮಾಡಿದ್ದು ಆ ಕೊನೆಯ ಚೂರನ್ನು ಕತ್ತರಿಸುವ ಕೆಲಸ ಅಷ್ಟೇ. ಮುಕ್ಕಾಲು ಕೆಲಸ ಅದಕ್ಕೂ ಮೊದಲೇ, ನಯವಾದ ರಸ್ತೆಯ ಮೇಲೂ ನಡೆದಿತ್ತು. ನಡೆಸಿದ್ದು ಸಡಿಲು.

ಇದು ಹೇಗೆ ಎಂದು ತಿಳಿಯಲು ಕಡ್ಡಿಗಾಲಿ ಭಾರ ಹೊರುವ ರೀತಿಯನ್ನು ಸ್ವಲ್ಪ ನೋಡಬೇಕು. ನೂರು ಸಿಸಿ ಗಾಡಿಯ ಹಿಂದಿನ ಗಾಲಿಯಲ್ಲಿ ಸಾಧಾರಣವಾಗಿ 36 ಸ್ಪೋಕ್‌ಗಳಿರುತ್ತವೆ, ಒಂದೊಂದೂ ಮೂರು ಮಿಲಿಮೀಟರಿನ ಆಸುಪಾಸಿನ ದಪ್ಪದ ತಂತಿ. ಇಷ್ಟು ತೆಳ್ಳನೆಯ ತಂತಿಯನ್ನು ನೆಲಕ್ಕೆ ಊರಿ ಮೇಲೆ ಭಾರ ಹಾಕಿದರೆ ಅದು ಬಾಗಿಹೋಗುತ್ತದೆ. ಕಂಬದ ಹಾಗೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಅದಕ್ಕಿರುವುದು ಎಳೆತ ತಡೆಯುವ ಶಕ್ತಿ. ಹಾಗಾಗಿ ಗಾಲಿ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಬಿಗಿಯಾಗಿ ಎಳೆದು ಇಟ್ಟಿರುತ್ತಾರೆ. ಗಾಡಿಯ ಮೇಲೆ ಭಾರ ಬಿದ್ದಾಗ ನೆಲ ಮುಟ್ಟುವ ಕಡೆ ರಿಮ್ ಕೂದಲೆಳೆಯಷ್ಟು ಒಳಗೆ ಒತ್ತಿಕೊಳ್ಳುತ್ತದೆ, ಅಲ್ಲಿನ ನಾಲ್ಕಾರು ಕಡ್ಡಿಗಳ ಎಳೆತ ಇಳಿಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನ ಬದಲಾವಣೆ ಇಲ್ಲ. ಗಾಲಿ ಮುಂದೆ ಉರುಳಿದಂತೆ ಸಡಿಲಾದವು ಮತ್ತೆ ಬಿಗಿಯಾಗುತ್ತವೆ, ಮುಂದಿನವುಗಳ ಸರದಿ ಬರುತ್ತದೆ.

ಅಂದರೆ ಪ್ರತಿ ಸುತ್ತಿಗೂ ಪ್ರತಿ ಕಡ್ಡಿ ಒಮ್ಮೆ ಸಡಿಲಾಗಿ ಒಮ್ಮೆ ಬಿಗಿಯಾಗುತ್ತದೆ. ಹದಿನೆಂಟು ಇಂಚಿನ ಗಾಲಿ ಟೈರೂ ಸೇರಿ ಒಂದು ಸುತ್ತಿಗೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ ದೂರ ಹೋಗುತ್ತದೆ, ಕಿಲೋಮೀಟರಿಗೆ ಸುಮಾರು 530 ಸುತ್ತು. ಕಲಬುರಗಿಯಿಂದ ಕಮಲಾಪುರಕ್ಕೆ ಒಂದು ಸಲ ಹೋಗುವಷ್ಟರಲ್ಲಿ ಗಾಲಿ 19,000 ಸುತ್ತಿನ ಆಸುಪಾಸು ತಿರುಗಿರುತ್ತದೆ. ಕಡ್ಡಿ ಸರಿಯಾದ ಬಿಗಿಯಲ್ಲಿದ್ದರೆ ಈ ಏರಿಳಿತದಲ್ಲಿ ಎಳೆತ ಕಡಿಮೆಯಾದೀತೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ, ಹಬ್ಬಿನ ತೂತಿಗೆ ಅಂಟಿಕೊಂಡೇ ಇರುತ್ತದೆ. ಸಡಿಲಿದ್ದರೆ ಕೆಳಗೆ ಬಂದಾಗಲೆಲ್ಲ ಎಳೆತ ಸೊನ್ನೆಗೆ ಇಳಿಯುತ್ತದೆ. ತಲೆ ತೂತಿನಲ್ಲಿ ಅಲ್ಲಾಡುತ್ತದೆ, ಮೊಣಕೈ ಒಮ್ಮೆ ಬಿಚ್ಚಿ ಒಮ್ಮೆ ಮುಚ್ಚುತ್ತದೆ. ದಿನಕ್ಕೆ ಹೋಗಿ ಬಂದು 38,000 ಸಲ ಹೀಗಾದರೆ ಉಕ್ಕು ದಣಿಯುತ್ತದೆ. ಬಿಗಿ ಇದ್ದದ್ದು ಮೊದಲು ಮುರಿಯಬೇಕು, ಸಡಿಲ ಇದ್ದದ್ದು ಹಾಯಾಗಿ ಇರಬೇಕು ಎಂದು ಅನ್ನಿಸುವುದು ಸಹಜ. ಗಾಲಿಯಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ.

ಒಂದು ಕಡ್ಡಿ ಕೆಲಸ ಬಿಟ್ಟರೆ ಅದರ ಪಾಲಿನದ್ದು ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಹೊರಸಿನ ಒಂದು ಎಳೆ ಜೋತು ಬಿದ್ದರೆ ಪಕ್ಕದ ಎಳೆಗಳು ಬೇಗ ಸವೆಯುತ್ತವಲ್ಲ, ಹಾಗೆ. ಅದಕ್ಕೇ ಸ್ಪೋಕ್ ಮುರಿಯುವುದು ಬಹುಪಾಲು ಒಂಟಿಯಾಗಿ ಅಲ್ಲ, ಸರಣಿಯಾಗಿ.

ಅಂಥದೊಂದು ಸರಣಿಯ ಗಾಡಿಯನ್ನು ನೋಡೋಣ. ಕಮಲಾಪುರದ ಕಡೆಯ ರೈತರೊಬ್ಬರದು, ಕಡ್ಡಿಗಾಲಿಯ ಹಳೆಯ ನೂರು ಸಿಸಿ ಗಾಡಿ. ಭೌಗೋಳಿಕ ಗುರುತು ಪಡೆದಿರುವ ಆ ಊರಿನ ಕೆಂಪು ಬಾಳೆಯ ಗೊನೆಗಳನ್ನು ಹಿಂದೆ ಕಟ್ಟಿಕೊಂಡು ಕಲಬುರಗಿ ಮಾರುಕಟ್ಟೆಗೆ ಬರುವುದು, ವಾಪಸ್ಸು ಹೋಗುವಾಗ ಗೊಬ್ಬರದ ಚೀಲ ಒಯ್ಯುವುದು ಅದರ ಕೆಲಸ. ಇಂಥ ಗಾಡಿಗೆ ಕಂಪನಿ ಒಪ್ಪುವ ಭಾರ ಸವಾರ, ಹಿಂದೆ ಕೂತವರು, ಸಾಮಾನು ಎಲ್ಲ ಸೇರಿ ಸುಮಾರು 130 ಕಿಲೋ. ಸವಾರನೊಬ್ಬ, ಐವತ್ತು ಕಿಲೋದ ಎರಡು ಚೀಲ ಆದರೆ ಅದು ದಾಟಿಹೋಗುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಹಿಂದಿನ ಗಾಲಿಯ ಮೇಲೆ. ಹಿಂದಿನ ಗಾಲಿಯಲ್ಲಿ ಈಗಾಗಲೇ ಎರಡು ಕಡ್ಡಿ ಬೇರೆ ಬೇರೆ ಸಲ ಮುರಿದಿದ್ದವು. ಪ್ರತಿ ಸಲವೂ ಹತ್ತಿರದ ಅಂಗಡಿಯಲ್ಲಿ ಒಂದು ಹೊಸದು ಹಾಕಿಸಿ ಮುಂದೆ ಹೋಗಿದ್ದರು. ಈಗ ಮೂರನೆಯದು.

'ಇದೊಂದು ಹಾಕಿ ಕೊಡು ತಮ್ಮಾ, ಹೊತ್ತ ಆಗ್ಯಾದ' ಎಂದರು ಅವರು.

'ಒಂದ ಹಾಕಿದ್ರ ಎಂಟ ದಿನಕ್ಕ ಮತ್ತ ಬರ್ತೀರಿ ಕಾಕಾ' ಎಂದ ಮಿಸ್ತ್ರಿ. 'ಗಾಲಿ ಪೂರಾ ನೋಡ್ಬೇಕ್ರಿ.'

ನೋಡುವುದಕ್ಕಿಂತ ಮೊದಲು ಅವನು ಮಾಡಿದ್ದು ಕೇಳುವ ಕೆಲಸ. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಗೇರು ನ್ಯೂಟ್ರಲ್ ಮಾಡಿ, ಸಣ್ಣ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದ. ಬಿಗಿ ಇದ್ದದ್ದು 'ಟಣ್' ಎಂದು ತೆಳ್ಳಗೆ ಮೀಟುತ್ತದೆ. ಸಡಿಲ ಇದ್ದದ್ದು 'ಠಪ್' ಎಂದು ಸತ್ತ ಸದ್ದು ಮಾಡುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ಎಲ್ಲ ಕಡ್ಡಿಗಳ ಸ್ವರವೂ ಒಂದೇ ಇರಬೇಕೆಂದಿಲ್ಲ. ಡ್ರಮ್ಮಿನ ಕಡೆಯವುಗಳ ಉದ್ದ ಬೇರೆ ಇರಬಹುದು, ಹಬ್ಬಿನ ಒಳಗಿಂದ ಬರುವವು, ಹೊರಗಿಂದ ಬರುವವು ಎಂಬ ವ್ಯತ್ಯಾಸವೂ ಉಂಟು. ಹೋಲಿಸಬೇಕಾದ್ದು ಒಂದೇ ಬದಿಯ, ಒಂದೇ ಜಾತಿಯ ಕಡ್ಡಿಗಳನ್ನು. ಹೀಗೆ ತಟ್ಟಿದಾಗ ಮುರಿದದ್ದನ್ನು ಬಿಟ್ಟು ಇನ್ನೂ ಏಳು ಸಡಿಲವಾಗಿ ಸಿಕ್ಕವು. ಅದರಲ್ಲಿ ಐದು, ಹಿಂದೆ ಬದಲಾಯಿಸಿದ್ದ ಎರಡರ ಆಸುಪಾಸಿನವೇ. ಬದಲಾಯಿಸಿದ ಎರಡರಲ್ಲಿ ಒಂದು ಮಿಕ್ಕವುಗಳಿಗಿಂತ ಬಹಳ ಎತ್ತರದ ಸ್ವರದಲ್ಲಿತ್ತು: ಹಾಕಿದವರು ಅದೊಂದನ್ನೇ ಬಿಗಿದು, ನೆರೆಯವನ್ನು ಮುಟ್ಟದೆ ಬಿಟ್ಟಿದ್ದರು.

ಕಿವಿಗೆ ಸಿಗುವ ಈ ಗುರುತು ಉಳಿದೆಲ್ಲಕ್ಕಿಂತ ಮೊದಲು ಬರುತ್ತದೆ. ಕಣ್ಣಿಗೆ ಸಿಗುವುದು ಆಮೇಲೆ. ನಿಪ್ಪಲ್ ರಿಮ್ಮಿಗೆ ಸೇರುವಲ್ಲಿ, ಅಥವಾ ಕಡ್ಡಿ ಹಬ್ಬಿಗೆ ಸೇರುವಲ್ಲಿ ಕೆಂಪು ಪುಡಿ ಕಂಡರೆ ಅಲ್ಲಿ ಲೋಹ ಲೋಹಕ್ಕೆ ತಿಕ್ಕುತ್ತಿದೆ ಎಂದರ್ಥ. ಸುಮ್ಮನೆ ಹಿಡಿದ ತುಕ್ಕು ಎಲ್ಲೆಡೆ ಸಮನಾಗಿ ಇರುತ್ತದೆ, ಈ ಪುಡಿ ಕೆಲವೇ ಕಡ್ಡಿಗಳ ಬುಡದಲ್ಲಿ. ಕಡ್ಡಿಗಳು ಒಂದರ ಮೇಲೊಂದು ಹಾಯುವ ಕಡೆ ಹೊಳಪು ಗಾಯ ಬಿದ್ದಿದ್ದರೆ ಅದೂ ಅಲ್ಲಾಟದ ಸಾಕ್ಷಿ. ಓಡಿಸುವಾಗ ನಿಧಾನ ವೇಗದಲ್ಲಿ ಗಾಲಿಯಿಂದ ಟಿಕ್ ಟಿಕ್ ಸದ್ದು ಬರುತ್ತದೆ, ಗಾಲಿ ತಿರುಗಿದ ಲೆಕ್ಕಕ್ಕೆ ಸರಿಯಾಗಿ. ಗಾಡಿಯ ಹಿಂಭಾಗ ಮೆಲ್ಲಗೆ ಓಲಾಡುವುದು ಕೊನೆಯ ಹಂತ.

ಸೈಕಲ್ಲಿನವರಿಗೆ ಇರುವ ಒಂದು ಅನುಕೂಲ ಮೋಟಾರ್ ಸೈಕಲ್ಲಿನವರಿಗಿಲ್ಲ. ಸೈಕಲ್ಲಿನ ರಿಮ್ ಸ್ವಲ್ಪ ಓಲಿದರೂ ಬ್ರೇಕಿನ ರಬ್ಬರಿಗೆ ಸವರಿ ತಿಳಿಸಿಬಿಡುತ್ತದೆ. ಮೋಟಾರ್ ಸೈಕಲ್ಲಿನ ಬ್ರೇಕು ಹಬ್ಬಿನೊಳಗೆ ಇರುವುದರಿಂದ ರಿಮ್ ಎಷ್ಟು ಓಲಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಆದರೆ ಕಡ್ಡಿಗಳ ಬಿಗಿ ಬಹಳ ಹೆಚ್ಚುಕಮ್ಮಿ ಇದ್ದಾಗ ಡ್ರಮ್ ಕೂಡ ಕೂದಲಷ್ಟು ಅಂಡಾಕಾರಕ್ಕೆ ಎಳೆಯಲ್ಪಟ್ಟು, ಬ್ರೇಕ್ ಒತ್ತಿದಾಗ ಪೆಡಲು ಕಾಲಿನಡಿ ಮಿಡಿಯುವುದುಂಟು. ಶೂ ಬದಲಾಯಿಸಿದರೂ ಹೋಗದ ಮಿಡಿತಕ್ಕೆ ಕಾರಣ ಕಡ್ಡಿಯಲ್ಲೇ ಇರಬಹುದು.

ಬಿಸಿಲಿನ ಮಾತೂ ಬಂದೇ ಬರುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ 'ಶಕಿಗಿ ಹಿಗ್ಗಿ ಲೂಸ್ ಆಗ್ಯಾವ' ಎನ್ನುವವರು ಇದ್ದಾರೆ. ಈ ಗಾಡಿಗಳಲ್ಲಿ ರಿಮ್ಮೂ ಉಕ್ಕಿನದು, ಕಡ್ಡಿಯೂ ಉಕ್ಕಿನದು, ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಲ್ಯೂಮಿನಿಯಂ ರಿಮ್ ಆದರೆ ಅದು ಕಡ್ಡಿಗಿಂತ ಹೆಚ್ಚು ಹಿಗ್ಗಿ ಬಿಗಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಬಿಸಿಲನ್ನು ಬಿಟ್ಟುಬಿಡಬಹುದು. ಎರೆ ಮಣ್ಣಿನ ರಾಡಿಯನ್ನು ಬಿಡುವಂತಿಲ್ಲ. ಅದು ನಿಪ್ಪಲ್ಲಿನ ಬುಡದಲ್ಲಿ ಮೆತ್ತಿಕೊಂಡು ದಿನಗಟ್ಟಲೆ ಪಸೆ ಹಿಡಿದಿಡುತ್ತದೆ, ಮರೆ ತುಕ್ಕು ಹಿಡಿದು ಗಟ್ಟಿಯಾಗುತ್ತದೆ. ಆಮೇಲೆ ಸಡಿಲಾದದ್ದನ್ನು ಬಿಗಿಯಲು ಹೋದರೆ ನಿಪ್ಪಲ್ ತಿರುಗುವ ಬದಲು ಕಡ್ಡಿಯೇ ತಿರುಚಿಕೊಳ್ಳುತ್ತದೆ.

ಕಾಕಾನ ಗಾಡಿಯಲ್ಲೂ ಹಾಗೇ ಆಗಿತ್ತು. ಅದಕ್ಕೆ ಮಿಸ್ತ್ರಿ ಮೊದಲು ಎಲ್ಲ ನಿಪ್ಪಲ್ಲುಗಳ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಚಹಾ ಕುಡಿಯಲು ಹೋದ. ಬಂದ ಮೇಲೂ ನೇರ ಕಡ್ಡಿಗೆ ಕೈ ಹಾಕಲಿಲ್ಲ. ಗಾಲಿಯ ಮೇಲೆ ಕೆಳಗೆ ಹಿಡಿದು ಪಕ್ಕಕ್ಕೆ ಅಲುಗಿಸಿದ. ಬೇರಿಂಗ್ ಸವೆದಿದ್ದರೆ ಆಗ 'ಟಕ್' ಎಂದು ಆಡುತ್ತದೆ. ಬೇರಿಂಗಿನ ಆಟವನ್ನು ರಿಮ್ಮಿನ ಓಲಾಟ ಎಂದು ತಿಳಿದು ಕಡ್ಡಿ ತಿರುಗಿಸುತ್ತ ಕೂತರೆ ಸಂಜೆಯಾದರೂ ಗಾಲಿ ನೇರವಾಗುವುದಿಲ್ಲ. ಇಲ್ಲಿ ಬೇರಿಂಗ್ ಸರಿಯಿತ್ತು. ಗಾಲಿ ಬಿಚ್ಚಿ, ಟೈರು ಟ್ಯೂಬು ಕಳಚಿ, ಒಳಗಿನ ರಬ್ಬರ್ ಪಟ್ಟಿಯನ್ನೂ ತೆಗೆದ. ಟೈರು ಕಳಚದೆಯೂ ಸಣ್ಣಪುಟ್ಟ ಬಿಗಿ ಮಾಡಬಹುದು. ಆದರೆ ಕಡ್ಡಿಯನ್ನು ಹೆಚ್ಚು ಎಳೆದಾಗ ಅದರ ತುದಿ ನಿಪ್ಪಲ್ಲಿನ ತಲೆ ದಾಟಿ ಒಳಗೆ ಚಾಚುತ್ತದೆ, ಪಟ್ಟಿಯನ್ನು ಕೊರೆದು ಟ್ಯೂಬಿಗೆ ಚುಚ್ಚುತ್ತದೆ. ಟ್ಯೂಬಿನ ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ, ತೂತು ಬಿದ್ದ ಪಂಕ್ಚರ್ ಕಂಡರೆ ಮೊಳೆ ಹುಡುಕುತ್ತ ಟೈರು ತಡಕುವ ಅಗತ್ಯವಿಲ್ಲ. ತಪ್ಪಿತಸ್ಥ ಅಲ್ಲೇ ಕೆಳಗಿದೆ.

ಮುರಿದದ್ದು ಒಂದೇ ಆದರೂ ಬದಲಾಯಿಸಿದ್ದು ನಾಲ್ಕು. ಸಡಿಲಿದ್ದ ಏಳರಲ್ಲಿ ಮೂರರ ಮೊಣಕೈಯಲ್ಲಿ ಉಗುರಿಗೆ ತಾಗುವಷ್ಟು ಸವೆತ ಇತ್ತು. ಅವನ್ನು ಬಿಗಿದರೆ ಇನ್ನೂ ಬೇಗ ಮುರಿಯುತ್ತವೆ, ಏಕೆಂದರೆ ಸೀಳು ಒಮ್ಮೆ ಶುರುವಾದ ಮೇಲೆ ಬಿಗಿ ಅದನ್ನು ವಾಸಿ ಮಾಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೂರನೆಯದು ಮುರಿದ ದಿನವೇ 36ರ ಪೂರ್ತಿ ಸೆಟ್ಟು ಹಾಕಿಸುವುದು ಲೇಸು. ಹಳೆಯವೆಲ್ಲ ಒಂದೇ ವಯಸ್ಸಿನವು, ಒಂದೇ ಏಟು ತಿಂದವು. ಕಾಕಾ ಆ ಖರ್ಚಿಗೆ ಒಪ್ಪಲಿಲ್ಲ, ಮಿಸ್ತ್ರಿಯೂ ಒತ್ತಾಯಿಸಲಿಲ್ಲ.

ಈಗ 'ಔಟ್ ತೆಗೆಯುವ' ಕೆಲಸ, ಅಂದರೆ ಗಾಲಿಯನ್ನು ನೇರ ಮಾಡುವುದು. ಗಾಲಿಯನ್ನು ಆಕ್ಸಲ್ಲಿನ ಮೇಲೆ ಸ್ಟ್ಯಾಂಡಿಗೆ ಏರಿಸಿ, ರಿಮ್ಮಿನ ಅಂಚಿಗೆ ಸ್ವಲ್ಪವೇ ದೂರದಲ್ಲಿ ಚಾಕ್‌ಪೀಸ್ ನಿಲ್ಲಿಸಿ ಮೆಲ್ಲಗೆ ತಿರುಗಿಸುತ್ತಾರೆ. ಹೊರಗೆ ಬಾಗಿದ ಜಾಗಕ್ಕೆ ಮಾತ್ರ ಬಿಳಿ ಗೀರು ಬೀಳುತ್ತದೆ. ಔಟ್ ಎರಡು ತರಹ. ಪಕ್ಕಕ್ಕೆ ಓಲುವುದು ಒಂದು, ಮೇಲೆ ಕೆಳಗೆ ಕುಣಿಯುವುದು ಇನ್ನೊಂದು. ಎರಡಕ್ಕೂ ಕಂಪನಿಗಳ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಗರಿಷ್ಠ ಮಿತಿ 2 ಮಿಲಿಮೀಟರ್. ಕೈ ಪಳಗಿದವರು ಒಂದಕ್ಕೆ ತರುತ್ತಾರೆ, ಅದಕ್ಕಿಂತ ಕೆಳಗೆ ಹೋಗಲು ಹೆಣಗುವುದು ಹಳೆಯ ಉಕ್ಕಿನ ರಿಮ್ಮಿನಲ್ಲಿ ವ್ಯರ್ಥ.

ಮಿಸ್ತ್ರಿ ಮೊದಲು ಸಡಿಲಿದ್ದವನ್ನೆಲ್ಲ ನೆರೆಯವುಗಳ ಸ್ವರಕ್ಕೆ ತಂದ. ಅಷ್ಟಕ್ಕೇ ಔಟ್ ಅರ್ಧ ಕಡಿಮೆಯಾಯಿತು. ಆಮೇಲೆ ಮೇಲೆ ಕೆಳಗಿನ ಕುಣಿತ: ರಿಮ್ ಹಬ್ಬಿನಿಂದ ದೂರ ಉಬ್ಬಿದ ಕಡೆ ಎರಡೂ ಬದಿಯ ಕಡ್ಡಿಗಳನ್ನು ಸಮನಾಗಿ ಬಿಗಿದ. ಕೊನೆಗೆ ಪಕ್ಕದ ಓಲಾಟ: ರಿಮ್ ಎಡಕ್ಕೆ ಬಾಗಿದ್ದಲ್ಲಿ ಎಡದವನ್ನು ತುಸು ಬಿಟ್ಟು, ಬಲದವನ್ನು ಅಷ್ಟೇ ಎಳೆದ. ಒಂದು ಬದಿಯಲ್ಲಿ ಬಿಟ್ಟಷ್ಟನ್ನೇ ಇನ್ನೊಂದು ಬದಿಯಲ್ಲಿ ಎಳೆಯುವುದರಿಂದ ಒಟ್ಟು ಬಿಗಿ ಬದಲಾಗುವುದಿಲ್ಲ, ಮೊದಲು ಸರಿಪಡಿಸಿದ ಕುಣಿತವೂ ಕೆಡುವುದಿಲ್ಲ. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಪೂರ್ತಿ ಸುತ್ತು ತಿರುಗಿಸಿದರೆ ಕಡ್ಡಿ ಅರ್ಧ ಮಿಲಿಮೀಟರಿಗೂ ಹೆಚ್ಚು ಎಳೆಯಲ್ಪಡುತ್ತದೆ, ಈ ಕೆಲಸದಲ್ಲಿ ಅದು ಬಹಳ.

ಕಾಲು ಸುತ್ತು ಯಾವ ಕಡೆಗೆ ಎಂಬಲ್ಲಿ ಹೊಸಬರು ತಪ್ಪುತ್ತಾರೆ. ನಿಪ್ಪಲ್ಲಿನ ಮರೆ ಮಾಮೂಲಿ ಬಲಗೈ ಮರೆಯೇ, ಆದರೆ ಅದರ ತಲೆ ಟೈರಿನ ಕಡೆಗಿದೆ. ಟೈರಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿದಾಗ ಬಿಗಿ. ನಾವು ಸಾಮಾನ್ಯವಾಗಿ ಹಬ್ಬಿನ ಕಡೆಯಿಂದ ನೋಡುತ್ತ ಕೀ ತಿರುಗಿಸುವುದರಿಂದ ಅದು ಉಲ್ಟಾ ಕಾಣುತ್ತದೆ. ಬಿಗಿಯುತ್ತಿದ್ದೇನೆ ಎಂದುಕೊಂಡು ಬಿಚ್ಚುತ್ತ ಹೋದವರು ಕಡಿಮೆಯಿಲ್ಲ.

ಎಷ್ಟು ಬಿಗಿ ಸಾಕು? ಅಳತೆಯ ಕೀ ಇರುವವರಿಗೆ ಸಣ್ಣ ಗಾಡಿಗಳಲ್ಲಿ ಮೂರರಿಂದ ಐದು ನ್ಯೂಟನ್ ಮೀಟರಿನ ನಡುವೆ ಎಂಬ ಅಂಕಿ ಸಿಗುತ್ತದೆ, ಖಚಿತ ಸಂಖ್ಯೆ ಆಯಾ ಗಾಡಿಯ ಕೈಪಿಡಿಯದೇ ಆಗಬೇಕು. ತುಕ್ಕು ಹಿಡಿದ ಮರೆಯಲ್ಲಿ ಆ ಅಂಕಿಯೂ ಸುಳ್ಳು ಹೇಳುತ್ತದೆ, ಬಲವೆಲ್ಲ ತಿಕ್ಕಾಟಕ್ಕೇ ಹೋಗಿರುತ್ತದೆ. ನಮ್ಮ ಮಿಸ್ತ್ರಿಯ ಅಳತೆ ಕಿವಿ ಮತ್ತು ಹಸ್ತ. ಮುಗಿಸುವ ಮೊದಲು ಅವನು ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಚುಕುತ್ತ ಗಾಲಿಯ ಸುತ್ತ ಬಂದ. ಟಿರ್ ಟಿರ್ ಎಂದು ಸಣ್ಣ ಸದ್ದುಗಳು ಬಂದವು. ತಿರುಚಿಕೊಂಡು ಕೂತಿದ್ದ ಕಡ್ಡಿಗಳು ಬಿಡಿಸಿಕೊಂಡವು, ಹೊಸವುಗಳ ಮೊಣಕೈ ಹಬ್ಬಿನ ತೂತಿಗೆ ಕೂತಿತು. ಮತ್ತೆ ತಿರುಗಿಸಿ ನೋಡಿದರೆ ಚಾಕ್ ಎರಡು ಕಡೆ ಹೊಸದಾಗಿ ಗೀರಿತು, ಅವನ್ನೂ ಸರಿಮಾಡಿದ. ಇದನ್ನು ಮಾಡದೆ ಕೊಟ್ಟಿದ್ದರೆ ಆ ಬಿಡಿಸಿಕೊಳ್ಳುವಿಕೆ ಮಹಾಗಾಂವ್ ತಲುಪುವುದರೊಳಗೆ ರಸ್ತೆಯ ಮೇಲೇ ನಡೆದು ಗಾಲಿ ಮತ್ತೆ ಔಟ್ ಆಗುತ್ತಿತ್ತು. ಉಳಿದದ್ದು ಚಾಚಿದ ತುದಿಗಳಿಗೆ ಅರ ಹಾಕುವುದು, ಹೊಸ ರಬ್ಬರ್ ಪಟ್ಟಿ ಕೂಡಿಸುವುದು, ಅಷ್ಟೇ.

ಒಂದು ಜಾಗದಲ್ಲಿ ಮಾತ್ರ ಅವನು ಸೋಲೊಪ್ಪಿ ಬಿಟ್ಟ. ರಿಮ್ಮಿನ ಅಂಚು ಎರಡು ಬೆರಳಗಲದ ಜಾಗದಲ್ಲಿ ಒಳಗೆ ತಗ್ಗಿತ್ತು, ಇದು ನಿಜಕ್ಕೂ ಗುಂಡಿಯ ಏಟು. ಕಡ್ಡಿ ರಿಮ್ಮನ್ನು ಹಬ್ಬಿನ ಕಡೆಗೆ ಎಳೆಯಬಲ್ಲದು, ಹೊರಗೆ ತಳ್ಳಲಾರದು. ತಗ್ಗಿನ ಹತ್ತಿರದ ಕಡ್ಡಿಗಳನ್ನು ಸಡಿಲಿಸಿ ರಿಮ್ಮನ್ನು ಹೊರಗೆ ಬಿಟ್ಟಂತೆ ಮಾಡಬಹುದು, ಚಾಕ್‌ಪೀಸು ಆಗ ನೇರ ಎಂದೇ ಹೇಳುತ್ತದೆ. ಆದರೆ ಮತ್ತೆ ನಾಲ್ಕು ಸಡಿಲ ಕಡ್ಡಿಗಳನ್ನು ನಾವೇ ಹುಟ್ಟಿಸಿದಂತಾಗುತ್ತದೆ, ಮತ್ತೆ ಮೊದಲಿನ ಕಥೆ. ನೋಡಲು ಚೊಕ್ಕ ನೇರವಾಗಿದ್ದು, ತಟ್ಟಿದರೆ ಒಂದೊಂದು ಕಡ್ಡಿ ಒಂದೊಂದು ಸ್ವರ ಹೇಳುವ ಗಾಲಿಗಿಂತ, ಒಂದೂವರೆ ಮಿಲಿಮೀಟರ್ ಕುಣಿದರೂ ಎಲ್ಲ ಕಡ್ಡಿಗಳೂ ಸಮ ಬಿಗಿಯಲ್ಲಿರುವ ಗಾಲಿ ಮೇಲು. ಆ ತಗ್ಗು ಇನ್ನೂ ಆಳವಿದ್ದರೆ ರಿಮ್ಮನ್ನೇ ಬದಲಿಸಬೇಕಾಗುತ್ತಿತ್ತು.

'ಎರಡ್ನೂರು ಕಿಲೋಮೀಟರ್ ಆದ ಮ್ಯಾಲ ಒಮ್ಮಿ ಬರ್ರಿ ಕಾಕಾ, ಸುಮ್ನ ಬಡ್ದು ನೋಡ್ತೀನಿ' ಎಂದು ಹೇಳಿ ಕಳಿಸಿದ. ಹೊಸ ಕಡ್ಡಿ ಹಾಕಿದ ಗಾಲಿಗೆ ಇದು ಬಿಡಬಾರದ ಕೆಲಸ. ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹೊಸವು ತಮ್ಮ ಜಾಗಕ್ಕೆ ಇಳಿದು ಸ್ವಲ್ಪ ಸಡಿಲಾಗಿಯೇ ತೀರುತ್ತವೆ.

ಕಡ್ಡಿ ನಡುದಾರಿಯಲ್ಲಿ ಮುರಿದರೆ ಏನು ಮಾಡಬೇಕೆಂಬುದು ಉಳಿಯಿತು. ಒಂದೇ ಮುರಿದಿದ್ದರೆ ಗಾಡಿ ಗ್ಯಾರೇಜಿನವರೆಗೆ ಬರುತ್ತದೆ. ಮುರಿದ ತುಂಡು ಮಾತ್ರ ತೂಗಾಡಬಾರದು. ಅದು ಚೈನಿಗೋ ಬ್ರೇಕಿನ ರಾಡಿಗೋ ಸಿಕ್ಕಿಕೊಂಡರೆ ಗಾಲಿ ಓಡುವಾಗಲೇ ಹಿಡಿದುಕೊಳ್ಳಬಹುದು. ಅದನ್ನು ನಿಪ್ಪಲ್ಲಿನಿಂದ ತಿರುವಿ ಬಿಚ್ಚಿ ತೆಗೆಯಿರಿ. ಬರದಿದ್ದರೆ ಪಕ್ಕದ ಕಡ್ಡಿಗೆ ತಂತಿಯಿಂದ ಎರಡು ಕಡೆ ಬಿಗಿದು ಕಟ್ಟಿ. ಹಿಂದಿನ ಭಾರ ಇಳಿಸಿ, ಮೂವತ್ತರ ವೇಗ ದಾಟದೆ ಬನ್ನಿ. ಅಕ್ಕಪಕ್ಕದ ಎರಡು ಅಥವಾ ಹೆಚ್ಚು ಮುರಿದಿದ್ದರೆ, ಇಲ್ಲವೇ ಗಾಲಿ ತಿರುಗಿಸಿದಾಗ ಟೈರು ಸ್ವಿಂಗ್ ಆರ್ಮಿಗೆ ಸವರುತ್ತಿದ್ದರೆ, ಮುಂದೆ ಓಡಿಸಬಾರದು. ಹುಮನಾಬಾದ್ ರಸ್ತೆಯಲ್ಲಿ ಟಂಟಂ, ಸರಕಿನ ಆಟೊ ಸಿಗದ ಹೊತ್ತು ಕಡಿಮೆ. ಗಾಡಿಯನ್ನು ಅದಕ್ಕೆ ಹೇರಿಸಿ ತರುವುದೇ ಸರಿ.